ಬಿಲ್ ಕಳಿಸಿ ಸದ್ದಿಲ್ಲದಿದ್ದರೆ: ಮೂರು ಮೇಲ್‌ಗಳಲ್ಲಿ ಹಣ ಕೇಳುವ ಕ್ರಮ

ಕೆಲಸ ಮುಗಿಸಿ ಬಿಲ್ ಕಳಿಸಿ ಆಗಿದೆ. ಒಪ್ಪಿಕೊಂಡ ದಿನ ದಾಟಿದೆ. ದುಡ್ಡೂ ಬಂದಿಲ್ಲ, ಉತ್ತರವೂ ಬಂದಿಲ್ಲ. ಇಂಥ ಹೊತ್ತಿನಲ್ಲಿ ಸ್ವಂತವಾಗಿ ಕೆಲಸ ಮಾಡುವ ಅನುವಾದಕರು, ಡಿಸೈನರ್‌ಗಳು, ಫೋಟೋಗ್ರಾಫರ್‌ಗಳಲ್ಲಿ ಕೆಲವರು ಸಂಕೋಚದಿಂದ ತಿಂಗಳುಗಟ್ಟಲೆ ಸುಮ್ಮನಿರುತ್ತಾರೆ. ಇನ್ನು ಕೆಲವರು ಎರಡು ದಿನಕ್ಕೊಮ್ಮೆ "ನೆನಪಿಸುತ್ತಿದ್ದೇನೆ ಅಷ್ಟೇ" ಎಂದು ಬರೆಯುತ್ತಾ ಹೋಗಿ, ಒಂದು ರಾತ್ರಿ ಸಿಟ್ಟು ನೆತ್ತಿಗೇರಿ ಉದ್ದನೆಯ ಮೇಲ್ ಒಗೆದುಬಿಡುತ್ತಾರೆ. ಸುಮ್ಮನಿದ್ದರೆ ನಿಮ್ಮ ಬಿಲ್ ಅವಸರದ್ದಲ್ಲ ಎಂದು ಕೆಲಸ ಕೊಟ್ಟವರೇ ತೀರ್ಮಾನಿಸುತ್ತಾರೆ. ಮೇಲಿಂದ ಮೇಲೆ ಬರೆದರೆ ನಿಮ್ಮ ಹೆಸರು ಕಂಡೊಡನೆ ಮೇಲ್ ಪಕ್ಕಕ್ಕಿಡುವ ಅಭ್ಯಾಸವಾಗುತ್ತದೆ.

ಸರಿಯಾಗಿ ಅಂತರ ಕೊಟ್ಟರೆ ಮೂರು ಮೇಲ್ ಸಾಕು. ಒಂದು ಮಾತನ್ನು ಮೊದಲೇ ತಿಳಿದಿರಬೇಕು: ಮೇಲ್ ಬಿಗಿಯಾಗುವುದು ದನಿಯಿಂದಲ್ಲ. "ತೀವ್ರ ಬೇಸರವಾಗಿದೆ", "ಇದು ಸರಿಯಲ್ಲ" ಎಂಬಂಥ ಮಾತುಗಳು ಓದುವವರಿಗೆ ನಿಮ್ಮ ಮನಸ್ಸನ್ನು ತಿಳಿಸುತ್ತವೆಯೇ ಹೊರತು ಅವರೇನು ಮಾಡಬೇಕೆಂಬುದನ್ನು ಹೇಳುವುದಿಲ್ಲ. ಬಿಗಿ ಬರುವುದು ಮೂರು ಕಡೆಯಿಂದ. ಯಾವ ದಿನದೊಳಗೆ ಎಂಬುದು ಒಂದು, ಮೇಲ್ ಯಾರ ಯಾರ ಕಣ್ಣಿಗೆ ಬೀಳುತ್ತದೆ ಎಂಬುದು ಇನ್ನೊಂದು, ಆ ದಿನ ದಾಟಿದರೆ ನೀವು ಮುಂದೇನು ಮಾಡುತ್ತೀರಿ ಎಂಬುದು ಮತ್ತೊಂದು. ಮೊದಲ ಮೇಲ್‌ನಲ್ಲಿ ಈ ಮೂರರಲ್ಲಿ ಒಂದೂ ಇರುವುದಿಲ್ಲ. ಎರಡನೆಯದರಲ್ಲಿ ದಿನವೂ ಜನರೂ ಬರುತ್ತಾರೆ, ಮೂರನೆಯದರಲ್ಲಿ ಮುಂದಿನ ಹೆಜ್ಜೆ ಬರುತ್ತದೆ. ಮರ್ಯಾದೆ ಮೂರರಲ್ಲೂ ಒಂದೇ ಮಟ್ಟದಲ್ಲಿರಲಿ. ಮೊದಲಿಗೆ "ನೀವು" ಎಂದವರು ಕೊನೆಯಲ್ಲಿ ತಣ್ಣನೆಯ "ತಾವು"ಗೆ ತಿರುಗಿದರೆ ವ್ಯಂಗ್ಯ ಕೇಳಿಸುತ್ತದೆ.

ಒಂದು ಬಿಲ್, ಒಂದು ಕ್ಯಾಲೆಂಡರ್

ಲೆಕ್ಕ ಸ್ಪಷ್ಟವಾಗಲೆಂದು 2025ರ ಕ್ಯಾಲೆಂಡರಿನ ಮೇಲೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೈಸೂರಿನ ಒಬ್ಬ ಅನುವಾದಕಿ ಬೆಂಗಳೂರಿನ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಯಂತ್ರದ ಬಳಕೆ ಕೈಪಿಡಿಯನ್ನು ಕನ್ನಡಕ್ಕೆ ಮಾಡಿಕೊಟ್ಟಿದ್ದಾರೆ. ಕೆಲಸ ಒಪ್ಪಿಸಿ ಬಿಲ್ ಕಳಿಸಿದ್ದು ಜೂನ್ 2, ಸೋಮವಾರ. ಮೊತ್ತ ₹64,000. ಶೇ 10ರ ಟಿಡಿಎಸ್ ಅಂದರೆ ₹6,400 ಕಳೆದು ಖಾತೆಗೆ ಬರಬೇಕಾದದ್ದು ₹57,600. ವರ್ಕ್ ಆರ್ಡರಿನಲ್ಲಿ 45 ದಿನದೊಳಗೆ ಪಾವತಿ ಎಂದಿದೆ. ಆ ಲೆಕ್ಕದಲ್ಲಿ ಕೊನೆಯ ದಿನ ಜುಲೈ 17, ಗುರುವಾರ.

ಮೊದಲ ಮೇಲ್ ಬರೆಯುವ ಮುನ್ನ ನಿಮ್ಮ ಕಡೆ ಎಲ್ಲ ಸರಿಯಿದೆಯೇ ನೋಡಿಕೊಳ್ಳಿ. ಬಿಲ್‌ನಲ್ಲಿ ಅವರ ಪಿಒ, ಅಂದರೆ ಖರೀದಿ ಆದೇಶದ ನಂಬರ್ ಇದೆಯೇ? ಬ್ಯಾಂಕ್ ಖಾತೆಯ ಹೆಸರು, ಪ್ಯಾನ್‌ನಲ್ಲಿರುವ ಹೆಸರು ಒಂದೇ ಆಗಿದೆಯೇ? ಹೊಸ ಕಂಪನಿಯಾದರೆ ವೆಂಡರ್ ಫಾರ್ಮ್, ಕ್ಯಾನ್ಸಲ್ ಮಾಡಿದ ಚೆಕ್ ಕೊಟ್ಟಿದ್ದೀರಾ? ಉತ್ತರ ಬಾರದಿರುವುದಕ್ಕೆ ಕೆಟ್ಟ ಬುದ್ಧಿಗಿಂತ ಇವೇ ಹೆಚ್ಚು ಬಾರಿ ಕಾರಣ. ಕೆಲಸ ಕೊಟ್ಟವರು ಬಿಲ್ಲನ್ನು ಅಕೌಂಟ್ಸ್‌ಗೆ ದಾಟಿಸಿರುತ್ತಾರೆ, ಅಲ್ಲಿ ಪಿಒ ನಂಬರ್ ಇಲ್ಲವೆಂದು ಅದು ಕೂತಿರುತ್ತದೆ, ಕೂತಿದೆ ಎಂದು ಯಾರೂ ಯಾರಿಗೂ ಹೇಳಿರುವುದಿಲ್ಲ.

ಕಂಪನಿಯ ಪಾವತಿ ಯಾವ ದಿನ ಹೋಗುತ್ತದೆ ಎಂಬುದನ್ನೂ ಕೆಲಸ ಶುರುವಾಗುವಾಗಲೇ ಕೇಳಿಟ್ಟುಕೊಂಡಿರಬೇಕು. ಬಹಳಷ್ಟು ಕಂಪನಿಗಳು ದಿನಕ್ಕೊಂದು ಬಿಲ್ ಪಾಸ್ ಮಾಡುವುದಿಲ್ಲ. ವಾರದಲ್ಲೋ ತಿಂಗಳಲ್ಲೋ ಗೊತ್ತುಮಾಡಿದ ದಿನ ಒಟ್ಟಿಗೆ ಕಳಿಸುತ್ತವೆ, ಅದರ ಪಟ್ಟಿ ಒಂದೆರಡು ದಿನ ಮೊದಲೇ ಮುಚ್ಚಿರುತ್ತದೆ. ನಮ್ಮ ಉದಾಹರಣೆಯ ಕಂಪನಿ ಪ್ರತಿ ಗುರುವಾರ ಪಾವತಿ ಮಾಡುತ್ತದೆ ಎಂದಿಟ್ಟುಕೊಳ್ಳಿ. ಮೂರೂ ಮೇಲ್‌ಗಳ ದಿನ ಗೊತ್ತಾಗುವುದು ಈ ಗುರುವಾರದಿಂದಲೇ.

ಮೊದಲ ಮೇಲ್: ಜುಲೈ 22, ಮಂಗಳವಾರ

ಗಡುವು ದಾಟಿ ಮೂರನೆಯ ಕೆಲಸದ ದಿನ. ಹದಿನೆಂಟಕ್ಕೇ ಬರೆದರೆ, ಆಗಲೇ ಹೊರಟ ಹಣ ಇನ್ನೂ ನಿಮ್ಮ ಖಾತೆಗೆ ಬೀಳದಿರಬಹುದು, ಸುಮ್ಮನೆ ಮುಜುಗರ. ತಿಂಗಳು ಕಾದರೆ ತಡವಾದರೂ ನಡೆಯುತ್ತದೆ ಎಂದು ನೀವೇ ಒಪ್ಪಿಕೊಂಡಂತೆ. ಮಂಗಳವಾರ ಬೆಳಿಗ್ಗೆ ಹತ್ತೂವರೆ ಹನ್ನೊಂದರ ಸುಮಾರಿಗೆ ಹೋದರೆ ಗುರುವಾರದ ಪಟ್ಟಿಗೆ ಸೇರಿಸಲು ಅವರಿಗೆ ಕಾಲಾವಕಾಶವಿರುತ್ತದೆ. ಸೋಮವಾರ ಬೆಳಗಿನ ರಾಶಿಯಲ್ಲಿ ನಿಮ್ಮದು ಕೆಳಗೆ ಹೋಗುತ್ತದೆ. ಶುಕ್ರವಾರ ಸಂಜೆಯದು ವಾರಾಂತ್ಯದಲ್ಲಿ ಮರೆತುಹೋಗುತ್ತದೆ.

ಹೊಸ ಮೇಲ್ ಶುರುಮಾಡಬೇಡಿ. ಜೂನ್ 2ರಂದು ಬಿಲ್ ಕಳಿಸಿದ ಮೇಲ್ ತೆಗೆದು, ಅದಕ್ಕೇ ರಿಪ್ಲೈ ಮಾಡಿ. ಕೆಳಗೆ ಮೂಲ ತಾರೀಖು ತಾನಾಗಿ ಕಾಣುತ್ತದೆ, ನೀವು ಬಾಯಿಬಿಟ್ಟು ಹೇಳಬೇಕಿಲ್ಲ. ಹಾಗಾಗಿಯೇ ಮೂಲ ಮೇಲ್‌ನ ವಿಷಯದ ಸಾಲು "ಬಿಲ್ 27 – ಕೈಪಿಡಿ ಅನುವಾದ – ₹64,000 – ಪಾವತಿ ಜುಲೈ 17ರೊಳಗೆ" ಎಂದು ತುಂಬಿಕೊಂಡಿರಬೇಕು. ರಿಪ್ಲೈ ಮಾಡಿದಾಗ ಹಳೆಯ ಅಟ್ಯಾಚ್‌ಮೆಂಟ್ ಜೊತೆಗೆ ಹೋಗುವುದಿಲ್ಲ ಎಂಬುದು ನೆನಪಿರಲಿ. ಬಿಲ್‌ನ ಪಿಡಿಎಫ್ ಮತ್ತೆ ಸೇರಿಸಿ.

> ನಮಸ್ಕಾರ ಮೇಡಂ,
>
> ಕೈಪಿಡಿ ಅನುವಾದದ ಬಿಲ್ 27ರ ಹಣ ಜುಲೈ 17ಕ್ಕೆ ಬರಬೇಕಿತ್ತು, ಈವರೆಗೆ ಖಾತೆಗೆ ಬಂದಿಲ್ಲ. ಬಿಲ್ ಅಕೌಂಟ್ಸ್‌ಗೆ ತಲುಪಿದೆಯೇ, ನನ್ನಿಂದ ಬೇರೆ ಏನಾದರೂ ಕಾಗದಪತ್ರ ಬೇಕಿದೆಯೇ, ದಯವಿಟ್ಟು ತಿಳಿಸಿ. ಬಿಲ್ ಮತ್ತೆ ಲಗತ್ತಿಸಿದ್ದೇನೆ. ಹಣ ಈಗಾಗಲೇ ಕಳಿಸಿದ್ದರೆ ಬ್ಯಾಂಕ್ ವರ್ಗಾವಣೆಯ ಯುಟಿಆರ್ ನಂಬರ್ ತಿಳಿಸಿದರೆ ಸಾಕು.
>
> ವಂದನೆಗಳು

ಇಲ್ಲಿ ಕೇಳಿರುವುದು ಅವರು ಒಂದು ಸಾಲಿನಲ್ಲಿ ಉತ್ತರಿಸಬಹುದಾದ ಪ್ರಶ್ನೆ. "ಆದಷ್ಟು ಬೇಗ ಪಾವತಿಸಬೇಕಾಗಿ ವಿನಂತಿ" ಎಂದಷ್ಟೇ ಬರೆದರೆ ಅದಕ್ಕೆ ಉತ್ತರ ಕೊಡಲೇಬೇಕೆಂದು ಯಾರಿಗೂ ಅನ್ನಿಸುವುದಿಲ್ಲ. "ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ" ಎಂದೂ ಸೇರಿಸಬೇಡಿ. ನಿಮ್ಮ ದುಡಿಮೆಯ ಹಣ ಕೇಳುವುದು ತೊಂದರೆಯಲ್ಲ. ಮೊದಲ ಮೇಲ್‌ನಲ್ಲಿ ಕ್ಷಮೆ ಕೇಳಿದವರು ಮೂರನೆಯದರಲ್ಲಿ ಗಡುವು ಹಾಕಿದರೆ ನಂಬುವವರೂ ಕಡಿಮೆ. ಈ ಮೇಲ್ ಕೆಲಸ ಕೊಟ್ಟವರೊಬ್ಬರಿಗೇ ಹೋಗಲಿ. ಇಲ್ಲೇ ಸಿಸಿ ಸೇರಿಸಿದರೆ ದೂರು ಹೇಳಿದಂತೆ ಕಾಣುತ್ತದೆ.

ಎರಡನೆಯ ಮೇಲ್: ಜುಲೈ 30, ಬುಧವಾರ

ಮಧ್ಯೆ ಆರು ಕೆಲಸದ ದಿನಗಳ ಅಂತರ. ಜುಲೈ 24ರ ಗುರುವಾರ ಕಳೆದಿದೆ, ಅದರ ಹಣ ಬರುವುದಿದ್ದರೆ ಬಂದಿರುತ್ತಿತ್ತು. ಮರುದಿನವೇ 31ರ ಗುರುವಾರವಿದೆಯಲ್ಲ ಎಂದು ಅದನ್ನೇ ಗಡುವು ಮಾಡಬೇಡಿ; ಆ ಪಟ್ಟಿ ಮುಚ್ಚಿರುವ ಸಾಧ್ಯತೆಯೇ ಹೆಚ್ಚು. ಆಗದ ಗಡುವು ಕೊಟ್ಟರೆ ಅದನ್ನು ಮೀರಲು ನೀವೇ ನೆಪ ಕೊಟ್ಟಂತಾಗುತ್ತದೆ. ಆಗಸ್ಟ್ 7ರ ಗುರುವಾರ ಎಂದು ಬರೆಯಿರಿ. ಆ ವರ್ಷ ಆಗಸ್ಟ್ 8ರ ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ; "ಈ ವಾರದ ಕೊನೆಯೊಳಗೆ" ಎಂದು ಬಿಟ್ಟಿದ್ದರೆ ಅರ್ಧ ಆಫೀಸು ರಜೆಯಲ್ಲಿರುತ್ತಿತ್ತು.

ಈ ಸಲ ಅದೇ ರಿಪ್ಲೈ ಸಾಲಿನಲ್ಲಿ ಅಕೌಂಟ್ಸ್ ವಿಭಾಗದ ವಿಳಾಸವನ್ನು ಸಿಸಿಗೆ ಸೇರಿಸುತ್ತೀರಿ. ಸೇರಿಸಿದ್ದನ್ನು ಮೇಲ್‌ನಲ್ಲೇ ಹೇಳಿ. ಹೇಳದೆ ಸೇರಿಸಿದರೆ ಕೆಲಸ ಕೊಟ್ಟವರು ತಮ್ಮ ಬೆನ್ನ ಹಿಂದೆ ಏನೋ ನಡೆಯಿತು ಎಂದುಕೊಳ್ಳುತ್ತಾರೆ; ಹೇಳಿ ಸೇರಿಸಿದರೆ ಅವರ ಹೆಗಲಿನಿಂದ ಒಂದು ಕೆಲಸ ಇಳಿಸಿದಂತೆ. ಬಿಸಿಸಿ ಮಾತ್ರ ಯಾವತ್ತೂ ಬೇಡ: ಹಾಗೆ ಮೇಲ್ ಪಡೆದವರು ಗೊತ್ತಿಲ್ಲದೆ ಎಲ್ಲರಿಗೂ ಉತ್ತರಿಸಿದರೆ ಮುಖ ತೋರಿಸುವುದು ಕಷ್ಟ.

> ನಮಸ್ಕಾರ ಮೇಡಂ,
>
> ಜುಲೈ 22ರ ನನ್ನ ಮೇಲ್‌ಗೆ ಉತ್ತರ ಬಂದಿಲ್ಲವಾದ್ದರಿಂದ ಮತ್ತೆ ಬರೆಯುತ್ತಿದ್ದೇನೆ. ನಿಮಗೆ ಅನುಕೂಲವಾಗಲೆಂದು ಅಕೌಂಟ್ಸ್ ವಿಭಾಗವನ್ನೂ ಇದರಲ್ಲಿ ಸೇರಿಸಿದ್ದೇನೆ.
>
> ಬಿಲ್ 27, ಜೂನ್ 2, ₹64,000. ಟಿಡಿಎಸ್ ಕಳೆದು ₹57,600. ಪಾವತಿ ದಿನ ಜುಲೈ 17. ಬಿಲ್ ಮತ್ತು ವರ್ಕ್ ಆರ್ಡರ್ ಲಗತ್ತಿಸಿದ್ದೇನೆ.
>
> ಆಗಸ್ಟ್ 7, ಗುರುವಾರದ ಪಾವತಿಯಲ್ಲಿ ಇದನ್ನು ಸೇರಿಸಬೇಕೆಂದು ಕೋರುತ್ತೇನೆ. ಆ ದಿನ ಸಾಧ್ಯವಿಲ್ಲದಿದ್ದರೆ ಯಾವ ದಿನ ಎಂದು ತಿಳಿಸಿ. ಕೆಲಸದ ಬಗ್ಗೆ ಏನಾದರೂ ಆಕ್ಷೇಪವಿದ್ದರೆ ಅದನ್ನೂ ಈಗಲೇ ತಿಳಿಸಿದರೆ ಸರಿಪಡಿಸಿಕೊಡುತ್ತೇನೆ.
>
> ವಂದನೆಗಳು

ಕೊನೆಯ ಸಾಲು ಸೌಜನ್ಯಕ್ಕಷ್ಟೇ ಬಂದದ್ದಲ್ಲ. ಸಣ್ಣ ಉದ್ಯಮಗಳಿಗೆ ಸಂಬಂಧಿಸಿದ 2006ರ ಎಂಎಸ್‌ಎಂಇಡಿ ಕಾಯ್ದೆಯಲ್ಲಿ, ಕೆಲಸ ಕೈಸೇರಿದ 15 ದಿನದೊಳಗೆ ಬರಹದಲ್ಲಿ ಆಕ್ಷೇಪ ಬಾರದಿದ್ದರೆ ಅದನ್ನು ಒಪ್ಪಿಕೊಂಡಂತೆ ಎಂದು ಲೆಕ್ಕ. ಒಂದೂವರೆ ತಿಂಗಳ ಮೇಲೆ "ಅನುವಾದ ಚೆನ್ನಾಗಿರಲಿಲ್ಲ" ಎಂಬ ಮಾತು ಬಂದರೆ, ಕೇಳಿದಾಗಲೂ ಹೇಳಿರಲಿಲ್ಲ ಎಂಬುದಕ್ಕೆ ಈ ಸಾಲೇ ಸಾಕ್ಷಿ. ಕಾಯ್ದೆಯ ಹೆಸರನ್ನು ಮಾತ್ರ ಈ ಮೇಲ್‌ನಲ್ಲಿ ಎತ್ತಬೇಡಿ. ಎರಡನೆಯದರಲ್ಲೇ ಕಾಯ್ದೆ ತೋರಿಸಿದರೆ ಮೂರನೆಯದಕ್ಕೆ ಏನೂ ಉಳಿಯುವುದಿಲ್ಲ. ಮೇಲಾಗಿ ಮೇಲ್ ಅಕೌಂಟ್ಸ್‌ನಿಂದ ಲೀಗಲ್ ವಿಭಾಗಕ್ಕೆ ಹೋಗಿ ಅಲ್ಲೇ ಕೂರುತ್ತದೆ.

ನಡುವೆ ಒಂದು ಫೋನು

ಆಗಸ್ಟ್ 7 ಕಳೆಯಿತು, ಹಬ್ಬವೂ ಮುಗಿಯಿತು. 11ರ ಸೋಮವಾರ ಮಧ್ಯಾಹ್ನ ಕೆಲಸ ಕೊಟ್ಟವರಿಗೆ ಒಮ್ಮೆ ಫೋನ್ ಮಾಡಿ. ಮೂರನೆಯ ಮೇಲ್ ಭಾರದ್ದು, ಅದನ್ನು ಕಳಿಸುವ ಮೊದಲು ಎದುರಿನವರು ಆಸ್ಪತ್ರೆಯಲ್ಲಿದ್ದಾರೋ ಕೆಲಸ ಬಿಟ್ಟಿದ್ದಾರೋ ತಿಳಿದಿರಬೇಕು. ಕೆಲಸ ಬಿಟ್ಟವರ ವಿಳಾಸಕ್ಕೆ ಎರಡು ಮೇಲ್ ಹೋಗಿ ಯಾರೂ ತೆರೆಯದೆ ಬಿದ್ದಿರುವುದು ಅಪರೂಪವೇನಲ್ಲ. ಹಾಗಿದ್ದರೆ ಆ ಜಾಗಕ್ಕೆ ಬಂದವರಿಗೆ ಎರಡನೆಯ ಮೇಲನ್ನೇ ಹೊಸ ತಾರೀಖಿನೊಂದಿಗೆ ಕಳಿಸಿ. ಮೊದಲ ಸಲ ಕೇಳುತ್ತಿರುವವರಿಗೆ ಮೂರನೆಯದರ ಬಿಗಿ ಅನ್ಯಾಯ.

ಫೋನಿನಲ್ಲಿ "ಗುರುವಾರ ಹಾಕಿಸುತ್ತೇವೆ" ಎಂದರೆ ಇಟ್ಟ ಕೂಡಲೇ ಎರಡು ಸಾಲು ಬರೆಯಿರಿ: "ಈಗ ಮಾತಾಡಿದಂತೆ ಆಗಸ್ಟ್ 14ರ ಗುರುವಾರ ಪಾವತಿಯಾಗುತ್ತದೆ ಎಂದು ಗುರುತು ಹಾಕಿಕೊಂಡಿದ್ದೇನೆ. ಧನ್ಯವಾದ." ಇದು ಮೂರರ ಲೆಕ್ಕಕ್ಕೆ ಸೇರುವುದಿಲ್ಲ. ಮೂರನೆಯದನ್ನು ಆ ದಿನ ಕಳೆಯುವವರೆಗೆ ತಡೆಹಿಡಿಯಿರಿ, ಅದರಾಚೆಗೆ ಬೇಡ. "ಪ್ರೊಸೆಸ್‌ನಲ್ಲಿದೆ" ಎಂಬ ಉತ್ತರ ಮಾತ್ರ ಬಂದರೆ ಅದು ದಿನಾಂಕವಿಲ್ಲದ ಮಾತು. ಯಾವ ದಿನ ಎಂದು ಒಮ್ಮೆ ಕೇಳಿ, ಎರಡು ದಿನದಲ್ಲಿ ಹೇಳದಿದ್ದರೆ ಉತ್ತರ ಬಂದಿಲ್ಲ ಎಂದೇ ಲೆಕ್ಕ ಹಿಡಿದು ಮುಂದುವರಿಯಿರಿ.

ಈ ಹೊತ್ತಿಗೆ ಇನ್ನೊಂದು ಕಡೆ ಕಣ್ಣಾಡಿಸಬೇಕು. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನಿಮ್ಮ ಪ್ಯಾನ್ ಮೇಲೆ ಜಮೆಯಾದ ತೆರಿಗೆಯ ಪಟ್ಟಿ, 26ಎಎಸ್ ಎಂದು ಎಲ್ಲರೂ ಕರೆಯುವುದು, ಅದನ್ನು ತೆರೆಯಿರಿ. ಕಂಪನಿ ಟಿಡಿಎಸ್ ಹಿಡಿಯಬೇಕಾದದ್ದು ಹಣ ಕೊಟ್ಟಾಗಲೋ ಲೆಕ್ಕದ ಪುಸ್ತಕದಲ್ಲಿ ನಿಮ್ಮ ಹೆಸರಿಗೆ ಜಮಾ ಬರೆದಾಗಲೋ, ಯಾವುದು ಮೊದಲೋ ಆಗ. ಏಪ್ರಿಲ್‌ನಿಂದ ಜೂನ್‌ವರೆಗಿನ ಟಿಡಿಎಸ್ ವಿವರ ಸಲ್ಲಿಸಲು ಜುಲೈ 31 ಕೊನೆ. ಹಾಗಾಗಿ ಜೂನ್‌ನಲ್ಲಿ ಬಿಲ್ ಪುಸ್ತಕಕ್ಕೆ ಏರಿದ್ದರೆ ಆಗಸ್ಟ್ ಎರಡನೆಯ ವಾರದ ಹೊತ್ತಿಗೆ ಆ ಕಂಪನಿಯ ಹೆಸರಿನ ಎದುರು ₹6,400 ಕಾಣಿಸಬಹುದು. ಕಂಡರೆ, ನಿಮ್ಮ ಬಿಲ್ಲನ್ನು ಅವರು ಒಪ್ಪಿದ್ದಾರೆ, ಉಳಿದಿರುವುದು ಪಾವತಿಯೊಂದೇ ಎಂದು ಧೈರ್ಯವಾಗಿ ಬರೆಯಬಹುದು. ಕಾಣದಿದ್ದರೆ ಅದರಿಂದ ಏನೂ ಸಾಬೀತಾಗುವುದಿಲ್ಲ, ಅವರು ವಿವರ ತಡವಾಗಿ ಸಲ್ಲಿಸಿರಬಹುದು.

ಮೂರನೆಯ ಮೇಲ್: ಆಗಸ್ಟ್ 12, ಮಂಗಳವಾರ

ಮೊದಲ ಅಂತರ ಒಂದು ವಾರದ್ದು, ಇದು ಸುಮಾರು ಎರಡು ವಾರದ್ದು. ಬಿಗಿಯಾಗುತ್ತಾ ಹೋದಂತೆ ಅಂತರ ಕಡಿಮೆಯಾಗಬೇಕು ಅನ್ನಿಸುವುದು ಸಹಜ, ಆದರೆ ಆಗಬೇಕಾದದ್ದು ತದ್ವಿರುದ್ಧ. ಭಾರವಾದ ಮಾತಿಗೆ ಮೇಲಿನವರ ಒಪ್ಪಿಗೆ ಬೇಕು, ಒಪ್ಪಿಗೆಗೆ ದಿನ ಬೇಕು. ಈಗಿನ ಗಡುವು ಆಗಸ್ಟ್ 22, ಶುಕ್ರವಾರ. ಮಧ್ಯೆ 15ರ ಸ್ವಾತಂತ್ರ್ಯ ದಿನ ಬಿಟ್ಟರೆ ಏಳು ಕೆಲಸದ ದಿನಗಳು, 14 ಮತ್ತು 21 ಎರಡು ಗುರುವಾರಗಳು. ಇನ್ನೂ ಮುಂದಕ್ಕೆ ಹಾಕಿದರೆ 26ಕ್ಕೆ ಗೌರಿ, 27ಕ್ಕೆ ಗಣೇಶ; ತಿಂಗಳು ಮುಗಿದೇ ಹೋಗುತ್ತದೆ.

ಈ ಸಲ ವಿಷಯದ ಸಾಲು ಬದಲಿಸಿ: "ಬಿಲ್ 27 – ₹64,000 – ಬಾಕಿ – ಆಗಸ್ಟ್ 22ರೊಳಗೆ ಪಾವತಿ ಕೋರಿಕೆ". ಜಿಮೇಲ್‌ನಲ್ಲಿ ವಿಷಯ ಬದಲಾದರೆ ಅದು ಹೊಸ ಮೇಲ್ ಆಗಿ ಮೇಲೆ ನಿಲ್ಲುತ್ತದೆ. ರಿಪ್ಲೈ ಒತ್ತಿಯೇ ಬದಲಿಸಿ, ಹಿಂದಿನ ಮಾತುಕತೆ ಕೆಳಗೆ ಉಳಿಯಬೇಕು. ಸಿಸಿಯಲ್ಲಿ ಅಕೌಂಟ್ಸ್ ಜೊತೆಗೆ ಆ ವಿಭಾಗದ ಮುಖ್ಯಸ್ಥರು ಅಥವಾ ವರ್ಕ್ ಆರ್ಡರಿಗೆ ಸಹಿ ಹಾಕಿದವರು, ಒಬ್ಬರು ಸಾಕು. ಹತ್ತು ಜನರಿಗೆ ಹಾಕಿದರೆ ಪ್ರತಿಯೊಬ್ಬರೂ ಉಳಿದ ಒಂಬತ್ತು ಜನ ನೋಡಿಕೊಳ್ಳುತ್ತಾರೆ ಎಂದುಕೊಳ್ಳುತ್ತಾರೆ.

ಮುಂದಿನ ಹೆಜ್ಜೆ ಏನೆಂದು ಬರೆಯಲು ನಿಮ್ಮ ಕೈಯಲ್ಲಿ ಹೆಜ್ಜೆ ಇರಬೇಕು. ಕೆಲಸ ಒಪ್ಪಿಕೊಳ್ಳುವ ಮೊದಲೇ ಉದ್ಯಮ್ ನೋಂದಣಿ ಮಾಡಿಸಿಕೊಂಡ ಸೂಕ್ಷ್ಮ ಅಥವಾ ಸಣ್ಣ ಉದ್ಯಮ ನಿಮ್ಮದಾಗಿದ್ದರೆ ಹಿಂದೆ ಹೇಳಿದ ಎಂಎಸ್‌ಎಂಇಡಿ ಕಾಯ್ದೆ ನೆರವಿಗೆ ಬರುತ್ತದೆ. ಅದರಂತೆ ಒಪ್ಪಂದದಲ್ಲಿ ಏನೇ ಬರೆದಿದ್ದರೂ ಪಾವತಿ 45 ದಿನ ಮೀರುವಂತಿಲ್ಲ. ಬರಹದ ಒಪ್ಪಂದವೇ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ. 2025ರ ಜೂನ್‌ನಲ್ಲಿ ಬ್ಯಾಂಕ್ ದರ ಶೇ 5.75ಕ್ಕೆ ಇಳಿದಿತ್ತು, ಮೂರು ಪಟ್ಟು ಅಂದರೆ ಶೇ 17.25. ₹64,000ಕ್ಕೆ ಮೊದಲ ತಿಂಗಳ ಬಡ್ಡಿ ₹920. ದರ ಬದಲಾಗುತ್ತಿರುತ್ತದೆ, ನೀವು ಬರೆಯುವ ದಿನದ್ದನ್ನು ನೋಡಿಕೊಳ್ಳಿ. ದೂರು ಹೋಗಬೇಕಾದದ್ದು ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್ ಮೂಲಕ ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್‌ಗೆ. ಅಲ್ಲಿ ಮೊದಲು ರಾಜಿ, ಆಗದಿದ್ದರೆ ಪಂಚಾಯ್ತಿಕೆ. ಸರಕು ಕೊಂಡು ಮಾರುವ ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿ ಇದ್ದರೂ ಈ ದಾರಿ ಸಿಗುವುದಿಲ್ಲ.

₹920 ದೊಡ್ಡ ಮೊತ್ತವಲ್ಲ. ಅದನ್ನು ಬೆದರಿಕೆಯಾಗಿ ಬಳಸಿದರೆ ಚಿಲ್ಲರೆ ಜಗಳದಂತೆ ಕಾಣುತ್ತದೆ. ಬಿಟ್ಟುಕೊಡುತ್ತೇನೆ ಎಂದರೆ ಮಾತಿಗೆ ತೂಕ ಬರುತ್ತದೆ. ಬಿಗಿಯೂ ಸೌಜನ್ಯವೂ ಒಂದೇ ಸಾಲಿನಲ್ಲಿ ಸಿಗುವ ಜಾಗ ಇದೊಂದೇ.

> ನಮಸ್ಕಾರ ಮೇಡಂ, ನಮಸ್ಕಾರ ಸರ್,
>
> ಬಿಲ್ 27ರ ₹64,000 ಜುಲೈ 17ರಿಂದ ಬಾಕಿ ಇದೆ. ಜುಲೈ 22 ಮತ್ತು 30ರಂದು ಬರೆದ ಮೇಲ್‌ಗಳು ಕೆಳಗಿವೆ. ವರ್ಕ್ ಆರ್ಡರಿಗೆ ಸಹಿ ಮಾಡಿದವರು ನೀವಾದ್ದರಿಂದ ಸರ್, ಇದು ನಿಮ್ಮ ಗಮನಕ್ಕೂ ಬರಲೆಂದು ಸೇರಿಸಿದ್ದೇನೆ.
>
> ಆಗಸ್ಟ್ 22, ಶುಕ್ರವಾರದೊಳಗೆ ಪಾವತಿ ಮಾಡಬೇಕೆಂದು ಕೋರುತ್ತೇನೆ. ನನ್ನದು ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಉದ್ಯಮ, ನೋಂದಣಿ ಸಂಖ್ಯೆ ಬಿಲ್‌ನಲ್ಲಿದೆ. ಎಂಎಸ್‌ಎಂಇಡಿ ಕಾಯ್ದೆಯಂತೆ ತಡವಾದ ದಿನಗಳಿಗೆ ಬಡ್ಡಿ ಸೇರುತ್ತದೆ. 22ರೊಳಗೆ ಹಣ ಬಂದರೆ ಬಡ್ಡಿಯನ್ನು ನಾನು ಕೇಳುವುದಿಲ್ಲ. ಬಾರದಿದ್ದರೆ ಆಗಸ್ಟ್ 25ರಂದು ಫೆಸಿಲಿಟೇಶನ್ ಕೌನ್ಸಿಲ್‌ಗೆ ಅರ್ಜಿ ಸಲ್ಲಿಸುತ್ತೇನೆ.
>
> ಅಷ್ಟರೊಳಗೆ ಮಾತಾಡಬೇಕೆನಿಸಿದರೆ ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಫೋನಿನಲ್ಲಿ ಸಿಗುತ್ತೇನೆ.
>
> ವಂದನೆಗಳು

ಟಿಡಿಎಸ್ ನಮೂದು ಕಂಡಿದ್ದರೆ ಮೊದಲ ಪ್ಯಾರಾದ ಕೊನೆಗೆ ಒಂದು ಸಾಲು: "ಈ ಬಿಲ್‌ನ ಟಿಡಿಎಸ್ ₹6,400 ನನ್ನ ಪ್ಯಾನ್‌ಗೆ ಜಮೆಯಾಗಿರುವುದನ್ನು ನೋಡಿದ್ದೇನೆ, ಧನ್ಯವಾದ." ನೋಂದಣಿ ಇಲ್ಲದವರು ಕಾಯ್ದೆಯ ಸಾಲುಗಳನ್ನು ಬಿಟ್ಟು, ನಿಜವಾಗಿ ಮಾಡಬಲ್ಲ ಹೆಜ್ಜೆಯನ್ನು ಬರೆಯಲಿ: ವಕೀಲರ ನೋಟಿಸ್, ಅಥವಾ ನಡೆಯುತ್ತಿರುವ ಮುಂದಿನ ಕೆಲಸವನ್ನು ಹಣ ಬರುವವರೆಗೆ ನಿಲ್ಲಿಸುವುದು. ಎರಡನೆಯದೇ ಹೆಚ್ಚು ಬೇಗ ಫಲ ಕೊಡುತ್ತದೆ.

ಆದಾಯ ತೆರಿಗೆಯ ನಿಯಮವೊಂದನ್ನು ಅನೇಕರು ಈ ಮೇಲ್‌ನಲ್ಲಿ ತುರುಕುತ್ತಾರೆ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಗಡುವಿನೊಳಗೆ ಹಣ ಕೊಡದ ಕಂಪನಿ ಆ ಖರ್ಚನ್ನು ಕೊಟ್ಟ ವರ್ಷದಲ್ಲಷ್ಟೇ ತೋರಿಸಬಹುದು ಎಂಬುದು 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮ. ಆಗಸ್ಟ್‌ನಲ್ಲಿ ಇದಕ್ಕೆ ಹಲ್ಲಿಲ್ಲ, ಮಾರ್ಚ್ 31ರೊಳಗೆ ಕೊಟ್ಟರೂ ಅದೇ ವರ್ಷದ ಲೆಕ್ಕಕ್ಕೆ ಬರುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಬರೆಯುತ್ತಿದ್ದರೆ ಮಾತ್ರ ಅಕೌಂಟ್ಸ್‌ನವರಿಗೆ ಹೋಗುವ ಮೇಲ್‌ನಲ್ಲಿ ಒಂದು ಸಾಲು ಇರಲಿ.

22 ಕಳೆದ ಮೇಲೆ

ನಾಲ್ಕನೆಯ ಮೇಲ್ ಬರೆಯಬೇಡಿ. 25ರ ಸೋಮವಾರ ಅರ್ಜಿ ಸಲ್ಲಿಸಿ, ಅದರ ಸಂಖ್ಯೆಯನ್ನು ಅದೇ ಮೇಲ್ ಸಾಲಿನಲ್ಲಿ ಒಂದು ವಾಕ್ಯದಲ್ಲಿ ತಿಳಿಸಿ. ಹೇಳಿದ ದಿನ ಹೇಳಿದ್ದನ್ನು ಮಾಡದಿದ್ದರೆ ಹಿಂದಿನ ಮೂರೂ ವ್ಯರ್ಥ. ಮಾಡಲು ಮನಸ್ಸಿಲ್ಲದ ಹೆಜ್ಜೆಯಾದರೆ ಮೂರನೆಯದರಲ್ಲಿ ಅದನ್ನು ಬರೆಯಲೇಬಾರದಿತ್ತು.

ಮಧ್ಯದಲ್ಲಿ ಎಲ್ಲಾದರೂ ಅವರು ಕೆಲಸದ ಬಗ್ಗೆ ಆಕ್ಷೇಪ ಎತ್ತಿದರೆ ಈ ಸರಣಿ ಅಲ್ಲಿಗೆ ನಿಲ್ಲಬೇಕು. ಆಗ ಮೊದಲು ಆಕ್ಷೇಪಕ್ಕೆ ಉತ್ತರ. ವಿವಾದವಿಲ್ಲದ ಭಾಗದ ಹಣವನ್ನು ಬೇರೆಯಾಗಿ ಕೇಳಿ. ಭಾಗಶಃ ಹಣ ಬಂದರೆ, ಬಂದದ್ದೆಷ್ಟು, ಉಳಿದದ್ದೆಷ್ಟು ಎಂದು ಆ ದಿನವೇ ಬರೆದಿಡಿ.

ಆಗಸ್ಟ್ 21ರಂದು ₹57,600 ಪೂರ್ತಿ ಬಂತು ಎಂದುಕೊಳ್ಳಿ. ಸಿಸಿಯಲ್ಲಿದ್ದ ಎಲ್ಲರಿಗೂ ಅದೇ ದಿನ ಒಂದು ಸಾಲು ಹೋಗಲಿ: "ಬಿಲ್ 27ರ ಹಣ ತಲುಪಿತು, ಧನ್ಯವಾದ. ಟಿಡಿಎಸ್‌ನ 16ಎ ಪ್ರಮಾಣಪತ್ರ ಸಿದ್ಧವಾದಾಗ ಕಳಿಸಿಕೊಡಿ." ತಡವಾದದ್ದನ್ನು ಇಲ್ಲಿ ಮತ್ತೆ ಎತ್ತಬೇಡಿ. ಅದನ್ನು ಮುಂದಿನ ಕೆಲಸದ ಕೊಟೇಶನ್‌ನಲ್ಲಿ ಅರ್ಧ ಮುಂಗಡ ಎಂದು ಬರೆದು ಸರಿಮಾಡಿಕೊಳ್ಳಬಹುದು.